ಮೂರು ನಿಮಿಷದ ಡ್ರಮ್ಮು: ವಿಜಯಪುರದ ಒಣದ್ರಾಕ್ಷಿ ಸಮಾವೇಶದ ಉಪನ್ಯಾಸಕ್ಕೆ ಆರಂಭದ ಮಾತು

(ಮೇಜಿನ ಮೇಲೆ ಎರಡು ಸ್ಟೀಲ್ ತಟ್ಟೆ, ಒಂದು ಗ್ಲಾಸು ನೀರು. ಎರಡೂ ತಟ್ಟೆ ಕೈಯಲ್ಲಿ ಎತ್ತಿ ಹಿಡಿದು, ಸಭೆ ಸುಮ್ಮನಾದ ಮೇಲೆ ಶುರು.)

ಈ ಎರಡು ತಟ್ಟೆಯಲ್ಲಿ ಇರುವುದು ಒಂದೇ ಗಿಡದ, ಒಂದೇ ಗೊನೆಯ ದ್ರಾಕ್ಷಿ. ಕೊಯ್ದು ಇವತ್ತಿಗೆ ಐದು ದಿನ. ಐದೂ ದಿನ ಒಂದೇ ಶೆಡ್ಡಿನ ಒಂದೇ ನೆಟ್ಟಿನ ಮೇಲೆ, ಮಗ್ಗಲು ಮಗ್ಗಲಿಗೇ ಇದ್ದವು.

ಎಡಗಡೆಯ ಹಣ್ಣು ಇನ್ನೂ ದುಂಡಗಿದೆ. ಒತ್ತಿದರೆ ರಸ ಬರುತ್ತದೆ, ತೊಟ್ಟಿನ ಸುತ್ತ ಕಂದು ಹತ್ತಲಿಕ್ಕೆ ಶುರುವಾಗಿದೆ. ಬಲಗಡೆಯದು ಆಗಲೇ ಸುಕ್ಕುಗಟ್ಟಿದೆ, ಬಣ್ಣ ಮಾತ್ರ ಹಸಿರು ಉಳಿಸಿಕೊಂಡಿದೆ. ಬಲಗಡೆಯದನ್ನು ನೆಟ್ಟಿಗೆ ಹಾಕುವ ಮೊದಲು ಮೂರು ನಿಮಿಷ ಡ್ರಮ್ಮಿನಲ್ಲಿ ಅದ್ದಿತ್ತು. ಎಡಗಡೆಯದನ್ನು ಅದ್ದಿರಲಿಲ್ಲ. ಬೇರೆ ಏನೂ ವ್ಯತ್ಯಾಸ ಇಲ್ಲ.

ಎಲ್ಲರಿಗೂ ಶರಣು. ಆ ಮೂರು ನಿಮಿಷದ ಮೇಲೆ ಮುಂದಿನ ಇಪ್ಪತ್ತು ನಿಮಿಷ ಮಾತು.

ಅಕ್ಟೋಬರ್ ಚಾಟ್ನಿಯಿಂದ ಕೊಯ್ಲಿನ ತನಕ ತಿಂಗಳುಗಟ್ಟಲೆ ಗೊಬ್ಬರ, ಔಷಧಿ, ನೀರು, ಆಳಿನ ಪಗಾರ ಎಲ್ಲ ಹಾಕಿ ಬೆಳೆದ ಮಾಲು ಅದು. ಟಿಕೋಟಾ, ಬಬಲೇಶ್ವರದ ಕಡೆ ರೈತರು ತೋಟದಲ್ಲಿ ಒಂದು ಎಲೆಯನ್ನೂ ಕಣ್ಣು ತಪ್ಪಿಸುವುದಿಲ್ಲ. ಆದರೆ ಡ್ರಮ್ಮಿನ ಹತ್ತಿರ ಬಂದಾಗ ಅಳತೆ ಕೈಯಂದಾಜಿಗೆ ಇಳಿಯುತ್ತದೆ. ಬಣ್ಣ ಕೆಡುವುದು ಅಲ್ಲಿ, ದರ ಮುರಿಯುವುದೂ ಅಲ್ಲೇ.

(ಎಡಗಡೆಯ ತಟ್ಟೆಯ ಒಂದು ಹಣ್ಣಿನ ಮೇಲೆ ಒಂದು ಹನಿ ನೀರು ಬಿಟ್ಟು, ಮುಂದಿನ ಸಾಲಿನವರಿಗೆ ತೋರಿಸುವುದು.)

ಇಲ್ಲಿ ನೋಡ್ರಿ. ಹನಿ ಹರಡಲಿಲ್ಲ, ಮುತ್ತಿನ ಹಾಗೆ ನಿಂತು ಜಾರಿಬಿಟ್ಟಿತು. ಹಣ್ಣಿನ ಮೇಲೆ ಬೂದಿಯಂತೆ ಕಾಣುವುದು ಮೇಣ. ಹೊರಗಿನ ನೀರನ್ನು ಒಳಗೆ ಬಿಡದ ಆ ಮೇಣವೇ ಒಳಗಿನ ನೀರನ್ನೂ ಹೊರಗೆ ಬಿಡುವುದಿಲ್ಲ. ನೀರು ಒಳಗೇ ಉಳಿದಷ್ಟು ದಿನ ಸಿಪ್ಪೆಯ ಕಿಣ್ವ ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ಹಣ್ಣು ಕಂದಾಗುತ್ತಲೇ ಹೋಗುತ್ತದೆ. ಡಿಪ್ಪಿಂಗ್ ಆಯಿಲ್ ಮತ್ತು ಪೊಟ್ಯಾಸಿಯಂ ಕಾರ್ಬೋನೇಟ್ ಸೇರಿ ಆ ಮೇಣದ ಪದರನ್ನು ಸಡಿಲಿಸುತ್ತವೆ, ನೀರಿಗೆ ದಾರಿ ಸಿಗುತ್ತದೆ. ಸಿಪ್ಪೆ ಮಾತ್ರ ಹರಿಯುವುದಿಲ್ಲ.

ಅಳತೆ ಬರೆದುಕೊಳ್ರಿ. 100 ಲೀಟರ್ ನೀರಿಗೆ ಎರಡೂವರೆ ಕಿಲೊ ಪೊಟ್ಯಾಸಿಯಂ ಕಾರ್ಬೋನೇಟ್, ಒಂದೂವರೆ ಲೀಟರ್ ಡಿಪ್ಪಿಂಗ್ ಆಯಿಲ್. ಮೊದಲು ಪುಡಿ ಪೂರ್ತಿ ಕರಗಬೇಕು. ಆಮೇಲೆ ಎಣ್ಣೆಯನ್ನು ಸಣ್ಣ ಧಾರೆಯಲ್ಲಿ ಬಿಡುತ್ತ, ಕೈ ನಿಲ್ಲಿಸದೆ ತಿರುವಬೇಕು. ಸರಿ ಆದ ದ್ರಾವಣ ಹಾಲಿನಂತೆ ಬೆಳ್ಳಗಿರುತ್ತದೆ. ಮೇಲೆ ಎಣ್ಣೆ ತೇಲಿದರೆ ಅದು ಬೆರೆತಿಲ್ಲ. ಹಾಗೇ ಕ್ರೇಟ್ ಇಳಿಸಿದರೆ ಮೇಲಿನ ಗೊನೆಗೆ ಎಣ್ಣೆ ಮೆತ್ತುತ್ತದೆ, ಕೆಳಗಿನ ಗೊನೆಗೆ ಬರೀ ಕಾರ್ಬೋನೇಟ್ ನೀರು. ಒಂದೇ ಕ್ರೇಟಿನಲ್ಲಿ ಎರಡು ಬಣ್ಣದ ಮಣೂಕ ಬರುವುದಕ್ಕೆ ಇದೊಂದು ಕಾರಣ.

ಇನ್ನೊಂದು ಕಾರಣ ಮಧ್ಯಾಹ್ನದ ಹೊತ್ತಿಗೆ ಹುಟ್ಟುತ್ತದೆ. ಒಡೆದ ಹಣ್ಣಿನ ಹುಳಿ ರಸ ಡ್ರಮ್ಮಿಗೆ ಇಳಿಯುತ್ತ ಹೋದಂತೆ ದ್ರಾವಣದ ಕ್ಷಾರ ಕಡಿಮೆಯಾಗುತ್ತದೆ. ಬೆಳಿಗ್ಗೆ ಪಿಎಚ್ 11ರ ಹತ್ತಿರ ಇದ್ದದ್ದು ಸಂಜೆಗೂ ಅಷ್ಟೇ ಇರುತ್ತದೆ ಎಂದು ನಂಬಿಕೊಂಡು ಕೂಡಬಾರದು. ಪಿಎಚ್ ಪಟ್ಟಿಯ ಪುಟ್ಟ ಕಟ್ಟು ಶೆಡ್ಡಿನ ಕಂಬಕ್ಕೆ ತೂಗುಹಾಕಿರಲಿ, ಪ್ರತಿ ಹೊಸ ಗಾಡಿ ಮಾಲಿಗೆ ಒಂದು ಪಟ್ಟಿ ಅದ್ದಿ ನೋಡ್ರಿ.

ಡ್ರಮ್ಮು ಎಷ್ಟೇ ಸರಿ ಇದ್ದರೂ ಹಣ್ಣಿನಲ್ಲಿ ಇಲ್ಲದ ಸಕ್ಕರೆಯನ್ನು ಅದು ಕೊಡಲಾರದು. 1,000 ಕಿಲೊ ಹಸಿ ದ್ರಾಕ್ಷಿ 22 ಬ್ರಿಕ್ಸಿಗೆ ಕೊಯ್ದರೆ ಅದರಲ್ಲಿ ಸುಮಾರು 220 ಕಿಲೊ ಕರಗಿದ ಘನಾಂಶ. ಶೇಕಡಾ 15 ತೇವ ಉಳಿಸಿ ಒಣಗಿಸಿದರೆ ಸುಮಾರು 259 ಕಿಲೊ ಮಣೂಕ. ಅವಸರ ಮಾಡಿ 18 ಬ್ರಿಕ್ಸಿಗೇ ಕೊಯ್ದರೆ ಅದೇ ಲೆಕ್ಕದಲ್ಲಿ 212 ಕಿಲೊ. ಒಂದು ಟನ್ನಿಗೆ 47 ಕಿಲೊ ಖೋತಾ, ಅದೂ ತೆಳ್ಳನೆಯ, ಹಗುರ ಮಾಲು. ಸಿಪ್ಪೆಯ ತೂಕ ಈ ಲೆಕ್ಕದಲ್ಲಿ ಹಿಡಿದಿಲ್ಲ.

ಈಗ ಈ ತಟ್ಟೆಗಳು ನಿಮ್ಮ ಕೈಗೆ ಬರುತ್ತವೆ. (ಮೊದಲ ಸಾಲಿಗೆ ಕೊಡುವುದು.) ಎರಡರಲ್ಲೂ ಒಂದೊಂದು ಹಣ್ಣು ಒತ್ತಿ ನೋಡಿ ಹಿಂದಿನವರಿಗೆ ದಾಟಿಸ್ರಿ. ಅಷ್ಟರಲ್ಲಿ ಕೊಯ್ಲಿನ ಹಿಂದಿನ ದಿನಕ್ಕೆ ಹೋಗೋಣ: ರಿಫ್ರ್ಯಾಕ್ಟೋಮೀಟರಿಗೆ ರಸ ಹಾಕುವಾಗ ಗೊನೆಯ ಭುಜದಿಂದ ಒಂದು, ನಡುವಿನಿಂದ ಒಂದು, ತುದಿಯಿಂದ ಒಂದು ಹಣ್ಣು ತಗೊಳ್ಳಬೇಕು.