ವೇದ, ಉಪನಿಷತ್ತು: ನಾಲ್ಕು ಪದರ, ಒಂದು ಪುಟ

ಶಿರಸಿಯ ನಮ್ಮ ಸಂಜೆ ತರಗತಿಯವರಿಗೆ, ಸೋಮವಾರದ ಪರೀಕ್ಷೆಗೆ.

ವೇದ ನಾಲ್ಕು, ಅದು ಎಲ್ಲರಿಗೂ ಗೊತ್ತು. ಎಡವುವುದು ಆಮೇಲೆ. ಉಪನಿಷತ್ತು ಬೇರೆಯೇ ಗ್ರಂಥ ಅಂತ ಸುಮಾರು ಜನ ಬರೆದುಬಿಡುತ್ತೀರಿ. ಹಾಗಲ್ಲ, ಮುಖ್ಯ ಉಪನಿಷತ್ತುಗಳು ವೇದದ್ದೇ ಭಾಗ. ಸಂಹಿತೆಯಲ್ಲಿ ಮಂತ್ರ, ಬ್ರಾಹ್ಮಣದಲ್ಲಿ ಯಜ್ಞದ ವಿಧಾನ ಮತ್ತು ವಿವರಣೆ, ಆರಣ್ಯಕದಲ್ಲಿ ಊರಾಚೆ ಕಲಿಯುತ್ತಿದ್ದ ಪಾಠ, ಉಪನಿಷತ್ತಿನಲ್ಲಿ ಆತ್ಮ, ಬ್ರಹ್ಮದ ವಿಚಾರ.

ಕೃಷ್ಣ ಯಜುರ್ವೇದವನ್ನೇ ನೋಡಿ. ಗೋಕರ್ಣದಲ್ಲಿ ಕೇಳುತ್ತೀರಲ್ವಾ ರುದ್ರ, ಅದು ತೈತ್ತಿರೀಯ ಸಂಹಿತೆಯ 4ನೇ ಕಾಂಡದ 5ನೇ ಪ್ರಪಾಠಕ. ಅದೇ ಶಾಖೆಯ ಆರಣ್ಯಕದ 7, 8, 9ನೇ ಪ್ರಪಾಠಕಗಳನ್ನು ಬಿಡಿಸಿ ಓದಿದರೆ ಅದೇ ತೈತ್ತಿರೀಯ ಉಪನಿಷತ್ತು, 'ಮಾತೃದೇವೋ ಭವ' ಬರುವುದು ಅದರ ಶಿಕ್ಷಾವಲ್ಲಿಯಲ್ಲಿ. ಎಷ್ಟು ಚಂದದ ಜೋಡಣೆ!

ಪದರಗಳ ನಡುವೆ ಗೋಡೆ ಇಲ್ಲ. ಈಶ ಉಪನಿಷತ್ತು ಸಂಹಿತೆಯ ಒಳಗೇ ಇದೆ, ಶುಕ್ಲ ಯಜುರ್ವೇದದ 40ನೇ ಅಧ್ಯಾಯವಾಗಿ. ಬೃಹದಾರಣ್ಯಕವಂತೂ ಹೆಸರಲ್ಲೇ ಆರಣ್ಯಕ, ಜೊತೆಗೆ ಉಪನಿಷತ್ತು, ಇರುವುದು ಶತಪಥ ಬ್ರಾಹ್ಮಣದ ಕೊನೆಯಲ್ಲಿ. ಇದನ್ನು ಖಂಡಿತ ಕೇಳುತ್ತಾರೆ.

ಪುನರಾವರ್ತನೆ ಪಟ್ಟಿ

| ವೇದ | ಬ್ರಾಹ್ಮಣ | ಆರಣ್ಯಕ | ಉಪನಿಷತ್ತು |
|---|---|---|---|
| ಋಗ್ (10 ಮಂಡಲ, 1028 ಸೂಕ್ತ) | ಐತರೇಯ, ಕೌಷೀತಕಿ | ಐತರೇಯ | ಐತರೇಯ |
| ಕೃಷ್ಣ ಯಜುಸ್ | ತೈತ್ತಿರೀಯ | ತೈತ್ತಿರೀಯ | ತೈತ್ತಿರೀಯ, ಕಠ |
| ಶುಕ್ಲ ಯಜುಸ್ | ಶತಪಥ | ಬೃಹದಾರಣ್ಯಕ | ಬೃಹದಾರಣ್ಯಕ, ಈಶ |
| ಸಾಮ (ಹಾಡುವ ವೇದ) | ಪಂಚವಿಂಶ, ಜೈಮಿನೀಯ | ತಲವಕಾರ | ಛಾಂದೋಗ್ಯ, ಕೇನ |
| ಅಥರ್ವ | ಗೋಪಥ | ಇಲ್ಲ | ಪ್ರಶ್ನ, ಮುಂಡಕ, ಮಾಂಡೂಕ್ಯ |