ವಿಷಯ: ಕರಾವಳಿ ವರದಿಗಾರರ ಹುದ್ದೆಗೆ ಅರ್ಜಿ, ಆಯ್ದ ವರದಿಗಳ ಲಿಂಕ್‌ಗಳೊಂದಿಗೆ

ಉಡುಪಿ
12 ಆಗಸ್ಟ್ 2025

ಇವರಿಗೆ,
ಸಂಪಾದಕರು,
ಮಂಗಳೂರು ಕಚೇರಿ

ಮಾನ್ಯರೇ,

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಿಗೆ ವರದಿಗಾರರು ಬೇಕಾಗಿದ್ದಾರೆಂಬ ತಮ್ಮ ಪ್ರಕಟಣೆ ನೋಡಿ ಈ ಅರ್ಜಿ ಬರೆಯುತ್ತಿದ್ದೇನೆ. ಕುಂದಾಪುರದಲ್ಲಿ ಸ್ಟ್ರಿಂಜರ್ ಆಗಿ ಕೆಲಸಕ್ಕೆ ಸೇರಿದೆ. ಆಮೇಲೆ ಉಡುಪಿಯಲ್ಲಿ ಜಿಲ್ಲಾ ವರದಿಗಾರ್ತಿಯಾಗಿದ್ದೆ. ಈಗ ಸ್ವತಂತ್ರವಾಗಿ ಬರೆಯುತ್ತಿದ್ದೇನೆ. ಉಳಿದ ವಿವರ ಲಗತ್ತಿಸಿದ ಬಯೊಡೇಟಾದಲ್ಲಿದೆ. ನಾನು ಹೇಗೆ ಕೆಲಸ ಮಾಡುತ್ತೇನೆ, ಯಾವುದಕ್ಕೆ ಒಪ್ಪುವುದಿಲ್ಲ ಎನ್ನುವುದು ಬಯೊಡೇಟಾದಲ್ಲಿ ಕಾಣುವುದಿಲ್ಲವಾದ್ದರಿಂದ ಅದನ್ನಿಲ್ಲಿ ಬರೆಯುತ್ತೇನೆ.

ಮೊದಲು ಓದಬೇಕೆಂದು ಕೇಳಿಕೊಳ್ಳುವ ವರದಿ ಅಳಿವೆಯ ಹೂಳಿನದು:
shalinik-varadi.in/alive-hoolu

ಇಳಿತದ ಹೊತ್ತಿಗೆ ಮೀನು ತುಂಬಿಕೊಂಡು ಬಂದ ಬೋಟ್‌ಗಳು ಒಳಗೆ ಬರಲಾಗದೆ ಹೊರಗೆ ಭರತಕ್ಕೆ ಕಾಯುವುದು ಇಲ್ಲಿಯವರಿಗೆ ಹೊಸ ಸುದ್ದಿಯಲ್ಲ. ಹೂಳೆತ್ತಿದ್ದಾರೆಂದು ದಾಖಲೆ ಹೇಳುವ ಜಾಗದಲ್ಲೇ ಬೋಟ್ ಯಾಕೆ ತಳ ತಾಗುತ್ತದೆ ಎನ್ನುವುದು ನನ್ನ ಪ್ರಶ್ನೆಯಾಗಿತ್ತು. ಕಾಮಗಾರಿಯ ಅಳತೆ ಪುಸ್ತಕಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಕಾಯಿದೆ ಹೇಳುವ 30 ದಿನ ಕಳೆದರೂ ಉತ್ತರ ಬರಲಿಲ್ಲ, ಮೊದಲ ಮೇಲ್ಮನವಿಯ ನಂತರ ಪ್ರತಿ ಸಿಕ್ಕಿತು. ಅದನ್ನು ಹಿಡಿದುಕೊಂಡು ಒಬ್ಬ ತಂಡೇಲರ ಜೊತೆ ಬೋಟ್‌ನಲ್ಲಿ ಹೋದೆ. ಅವರ ಫಿಶ್ ಫೈಂಡರ್‌ನ ಪರದೆಯಲ್ಲಿ ಆಳದ ಅಂಕಿ ಇಳಿಯುತ್ತಾ ಬಂದ ಜಾಗಗಳನ್ನು ಬರೆದುಕೊಂಡೆ. ಆದರೆ ಆ ಅಂಕಿಗಳನ್ನೇ ಸಾಕ್ಷಿಯೆಂದು ಮುಂದಿಡಲಿಲ್ಲ. ಹೂಳೆತ್ತಿದ ಮೇಲೆ ಒಂದು ಮಳೆಗಾಲ ದಾಟಿದರೆ ನದಿ ಮತ್ತೆ ಮರಳು ತಂದು ಹಾಕುತ್ತದೆ. ಆದ್ದರಿಂದ ಈಗಿನ ಆಳ ನೋಡಿ ‘ಕೆಲಸವೇ ಆಗಿಲ್ಲ’ ಎಂದು ಬರೆಯುವುದು ಅನ್ಯಾಯ. ಎತ್ತಿದ ಹೂಳನ್ನು ಎಲ್ಲಿ ಸುರಿದರು ಎಂಬುದಕ್ಕೆ ದಾಖಲೆಯಲ್ಲಿ ಉತ್ತರವಿರಲಿಲ್ಲ, ವರದಿ ನಿಂತಿರುವುದು ಅದರ ಮೇಲೆ. ಗುತ್ತಿಗೆದಾರರ ಲಿಖಿತ ಉತ್ತರವನ್ನು ಕತ್ತರಿಸದೆ ವರದಿಯ ಕೆಳಗೇ ಹಾಕಿದ್ದೇವೆ.

ಇಲ್ಲೇ ಒಂದು ವಿಷಯ ಹೇಳಿಬಿಡಬೇಕು. ನನ್ನ ಅಣ್ಣನಿಗೆ ಮಲ್ಪೆಯ ಒಂದು ಟ್ರಾಲ್ ಬೋಟ್‌ನಲ್ಲಿ ಪಾಲಿದೆ. ಅಳಿವೆಯ ವರದಿಯಲ್ಲೂ ಇದನ್ನು ಒಂದು ಸಾಲಿನಲ್ಲಿ ತಿಳಿಸಿದ್ದೆ. ಆ ವರದಿಯ ಬಂದರು ಬೇರೆಯಾದರೂ ಓದುಗರಿಗೆ ಗೊತ್ತಿರಲಿ ಎಂದು. ಡೀಸೆಲ್ ಸಬ್ಸಿಡಿ, ಟ್ರಾಲ್ ಬೋಟ್ ಮತ್ತು ನಾಡದೋಣಿಯವರ ತಕರಾರು, ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧವನ್ನು ಹೆಚ್ಚು ಕಡಿಮೆ ಮಾಡುವ ಚರ್ಚೆ, ಇವುಗಳ ಬಗ್ಗೆ ನಾನು ಬರೆಯುವುದಿಲ್ಲ. ಬೇರೆಯವರಿಗೆ ವಹಿಸಿ, ಬೇಕಾದ ಫೋನ್ ನಂಬರ್ ನಾನು ಕೊಡುತ್ತೇನೆ.

ಎರಡನೆಯದು, ಬೀಚ್ ಒಂದರಲ್ಲಿ ಯುವಕ ಯುವತಿಯನ್ನು ಅಡ್ಡಗಟ್ಟಿ ಹಲ್ಲೆ ಮಾಡಿದ ಪ್ರಕರಣ:
shalinik-varadi.in/video-nantara

ಇಂಥ ಘಟನೆಯಲ್ಲಿ ಪೊಲೀಸರಿಗಿಂತ ಮೊದಲು ವಿಡಿಯೊ ನಮ್ಮ ವಾಟ್ಸ್ಆ್ಯಪ್‌ಗೆ ಬರುತ್ತದೆ. ಕಳಿಸುವವರು ಬಹಳ ಸಲ ಹೊಡೆದವರ ಕಡೆಯವರೇ. ಹುಡುಗಿಯ ಮುಖ ಊರಿಗೆಲ್ಲ ಕಾಣಬೇಕು ಎಂಬುದೇ ಆ ವಿಡಿಯೊದ ಉದ್ದೇಶ. ಅದನ್ನು ನಾವು ಲೋಗೊ ಹಾಕಿ ಪ್ರಸಾರ ಮಾಡಿದರೆ ಅವರ ಕೆಲಸವನ್ನು ಸಂಬಳವಿಲ್ಲದೆ ಮಾಡಿಕೊಟ್ಟ ಹಾಗೆ. ಮುಖ ಮಸುಕು ಮಾಡಿದರೂ ಚೂಡಿದಾರ್, ಬ್ಯಾಗ್, ಸ್ಕೂಟರ್ ನಂಬರ್ ನೋಡಿ ಊರಿನವರು ಗುರುತು ಹಿಡಿಯುತ್ತಾರೆ. ನಾನು ವಿಡಿಯೊದ ಒಂದು ಫ್ರೇಮನ್ನೂ ಬಳಸಲಿಲ್ಲ. ಎಫ್‌ಐಆರ್ ಆದ ಮೇಲೆ ಏನಾಯಿತು, ಜಾಮೀನು ಯಾವಾಗ ಸಿಕ್ಕಿತು, ಚಾರ್ಜ್‌ಶೀಟ್‌ನಲ್ಲಿ ಯಾವ ಸೆಕ್ಷನ್ ಉಳಿಯಿತು, ಯಾವುದು ಬಿದ್ದುಹೋಯಿತು, ಇವನ್ನು ಕೋರ್ಟ್‌ನ ದಿನಾಂಕಗಳ ಬೆನ್ನು ಹತ್ತಿ ಬರೆದೆ. ಓದಿದವರ ಸಂಖ್ಯೆ ವಿಡಿಯೊ ನೋಡಿದವರ ಹತ್ತಿರಕ್ಕೂ ಬರಲಿಲ್ಲ ಎಂದು ಒಪ್ಪುತ್ತೇನೆ. ಜಾತಿ, ಧರ್ಮವನ್ನು ಅಪರಾಧದ ಕಾರಣವೇ ಅದಾಗಿದ್ದಾಗ ಮಾತ್ರ ಬರೆಯುತ್ತೇನೆ. ಈ ಪ್ರಕರಣದಲ್ಲಿ ಕಾರಣ ಅದೇ ಆಗಿತ್ತು, ಬರೆದಿದ್ದೇನೆ. ರಸ್ತೆ ಅಪಘಾತದ ಸುದ್ದಿಯಲ್ಲಿ ಅದಕ್ಕೇನು ಕೆಲಸ?

ಮೂರನೆಯದು ಬೆಳ್ತಂಗಡಿ ತಾಲೂಕಿನ ಎಂಡೋಸಲ್ಫಾನ್ ಪೀಡಿತ ಮನೆಗಳದು:
shalinik-varadi.in/amma-nantara

ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ಆ ಕೀಟನಾಶಕಕ್ಕೆ ತಡೆ ಹಾಕಿತು. ಗೇರು ತೋಟಗಳ ಮೇಲೆ ಸಿಂಪಡಣೆ ನಡೆದ ಕಾಲದಲ್ಲಿ ಹುಟ್ಟಿದ ಮಕ್ಕಳು ಈಗ ನಡುವಯಸ್ಸಿನ ಹತ್ತಿರದಲ್ಲಿದ್ದಾರೆ. ಅವರನ್ನು ಎತ್ತಿ ಕೂರಿಸುವ ಅಮ್ಮಂದಿರಿಗೆ ಎಪ್ಪತ್ತು ಹತ್ತಿರ. ಅಮ್ಮನ ನಂತರ ಯಾರು ಎಂಬುದಷ್ಟೇ ವರದಿಯ ವಿಷಯ. ಒಂದು ಮನೆಯಲ್ಲಿ ಕ್ಯಾಮೆರಾ ತೆಗೆದಾಗ ಆ ತಾಯಿ ‘ಒಂಚೂರು ನಿಲ್ಲಿ’ ಎಂದು ಒಳಗೆ ಹೋಗಿ, ಮಗನಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು ಕರೆತಂದರು. ನಾವು ತೆಗೆದದ್ದು ಆ ಫೋಟೊ. ಡೆಸ್ಕ್‌ನವರು ‘ಇದರಲ್ಲಿ ನೋವು ಕಾಣುವುದಿಲ್ಲ’ ಎಂದರು. ನೆಲದ ಮೇಲೆ ಮಲಗಿಸಿ ತೆಗೆದ ಫೋಟೊ ನಮ್ಮಲ್ಲಿ ಇರಲೂ ಇಲ್ಲ, ಹಾಗಾಗಿ ವಾದ ಬೇಗ ಮುಗಿಯಿತು. ಸಂದರ್ಶನ ನಡೆದದ್ದು ತುಳುವಿನಲ್ಲಿ. ಪ್ರಕಟಿಸುವ ಮೊದಲು ಅವರವರ ಮಾತನ್ನು ಅವರಿಗೇ ಓದಿ ಹೇಳಿದ್ದೇನೆ. ಇದನ್ನು ಸಾಮಾನ್ಯ ಜನರ ವಿಷಯದಲ್ಲಿ ಮಾತ್ರ ಮಾಡುತ್ತೇನೆ. ಶಾಸಕರಿಗೂ ಅಧಿಕಾರಿಗಳಿಗೂ ಮುಂಚಿತವಾಗಿ ಪ್ರತಿ ತೋರಿಸುವುದಿಲ್ಲ.

ನಾಲ್ಕನೆಯದು ಚಿಕ್ಕದು, ಮಳೆಗಾಲದ್ದು:
shalinik-varadi.in/raje-aadesha

ನಾಳೆ ಶಾಲೆಗೆ ರಜೆ ಎಂಬ ಜಿಲ್ಲಾಧಿಕಾರಿಗಳ ಸಹಿಯಿರುವ ನಕಲಿ ಆದೇಶ ಹೇಗೆ ಹುಟ್ಟಿ ಹರಡುತ್ತದೆ ಎಂಬ ಬರಹ. ಹಳೆಯ ಆದೇಶದ ದಿನಾಂಕ ತಿದ್ದಿರುತ್ತಾರೆ, ಪತ್ರದ ಸಂಖ್ಯೆ ತಿದ್ದಲು ಮರೆತಿರುತ್ತಾರೆ. ನಾನು ಬರೆದವುಗಳಲ್ಲಿ ಅತಿ ಹೆಚ್ಚು ಜನ ಓದಿದ್ದು ಇದನ್ನೇ!

ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡಬಾರದೆಂದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್, ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯಿದೆಯ 23ನೇ ಸೆಕ್ಷನ್ ಹೇಳುತ್ತವೆ. ನಮ್ಮಂಥ ಸಣ್ಣ ಊರುಗಳಲ್ಲಿ ಹೆಸರು ಬಿಟ್ಟರೆ ಸಾಲದು. ಗ್ರಾಮ, ಶಾಲೆ, ಆರೋಪಿಯೊಂದಿಗಿನ ಸಂಬಂಧ ಮೂರನ್ನೂ ಒಟ್ಟಿಗೆ ಬರೆದರೆ ಹೆಸರು ಬರೆದಂತೆಯೇ. ಆತ್ಮಹತ್ಯೆಯ ಸುದ್ದಿಯಲ್ಲಿ ವಿಧಾನವನ್ನೂ ಸ್ಥಳದ ವರ್ಣನೆಯನ್ನೂ ಬರೆಯುವುದಿಲ್ಲ, ಕೊನೆಯಲ್ಲಿ ಟೆಲಿ ಮಾನಸ್‌ನ 14416 ಸಂಖ್ಯೆ ಹಾಕುತ್ತೇನೆ. ನೇತ್ರಾವತಿ ಸೇತುವೆಯ ಹೆಸರನ್ನು ಶೀರ್ಷಿಕೆಗೆ ತರಲು ಯಾರಾದರೂ ಹೇಳಿದರೆ ಬೇಡವೆಂದು ವಾದಿಸುತ್ತೇನೆ. ಹೆಸರು ಹೇಳಲೊಪ್ಪದ ಮೂಲ ಯಾರೆಂದು ಸಂಪಾದಕರಿಗೆ ಮಾತ್ರ ತಿಳಿಸುತ್ತೇನೆ. ಪತ್ರಿಕಾಗೋಷ್ಠಿಯ ಚಹಾ ಕುಡಿಯುತ್ತೇನೆ, ಕವರ್ ಮುಟ್ಟುವುದಿಲ್ಲ.

ಕೊನೆಯದಾಗಿ ಹಣದ ಮಾತು. ವರದಿಗಾರರೇ ಹಬ್ಬದ ಪುರವಣಿಗೆ ಜಾಹೀರಾತು ತರಬೇಕು ಎಂಬ ರೂಢಿ ಜಿಲ್ಲೆಗಳಲ್ಲಿ ಇದೆ. ನಾನು ಹಿಂದೆ ಇದ್ದ ಒಂದು ಕಡೆ ಅದಕ್ಕೆ ಟಾರ್ಗೆಟ್ ಕೂಡ ಇತ್ತು. ಆ ಕೆಲಸ ಬಿಟ್ಟದ್ದು ಅದೇ ಕಾರಣಕ್ಕೆ. ಬೆಳಿಗ್ಗೆ ಶುಭಾಶಯದ ಜಾಹೀರಾತು ಕೇಳಿದ ಆಸ್ಪತ್ರೆಯ ಬಗ್ಗೆ ಸಂಜೆ ಬಂದ ದೂರನ್ನು ನಾನು ಹೇಗೆ ವಿಚಾರಿಸಲಿ? ತಮ್ಮಲ್ಲಿ ಈ ವ್ಯವಸ್ಥೆ ಹೇಗಿದೆ ಎಂಬುದನ್ನು ಸಂದರ್ಶನಕ್ಕೆ ಕರೆಯುವ ಮೊದಲೇ ತಿಳಿಸಿದರೆ ಇಬ್ಬರ ಸಮಯವೂ ಉಳಿಯುತ್ತದೆ.

ತುಳು, ಕುಂದಾಪುರ ಕನ್ನಡ ಎರಡೂ ಮಾತಾಡುತ್ತೇನೆ, ಬ್ಯಾರಿ ಅರ್ಥವಾಗುತ್ತದೆ. ಸ್ಕೂಟರ್ ಇದೆ. ಅಳಿವೆಯ ವರದಿಯ ಮೂಲ ದಾಖಲೆಗಳನ್ನು ನೋಡಬೇಕೆಂದರೆ ಸಂದರ್ಶನದ ದಿನ ಮಂಗಳೂರಿಗೆ ತರುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಶಾಲಿನಿ ಕೆ.

ಲಗತ್ತು: ಬಯೊಡೇಟಾ, ಹಿಂದಿನ ಇಬ್ಬರು ಸಂಪಾದಕರ ಪತ್ರಗಳು