ಸೋಂಕು ನಿಯಂತ್ರಣ ಸಮಿತಿ: ಸಭಾ ನಡವಳಿ

ದಿನಾಂಕ: 16-07-2025, ಬುಧವಾರ, ಮಧ್ಯಾಹ್ನ 3.00
ಸ್ಥಳ: ಆಸ್ಪತ್ರೆಯ ಸಭಾಕೊಠಡಿ, ಉಡುಪಿ
ಹಾಜರು: ವೈದ್ಯಕೀಯ ಅಧೀಕ್ಷಕರು (ಅಧ್ಯಕ್ಷರು), ಸೂಕ್ಷ್ಮಾಣುಶಾಸ್ತ್ರಜ್ಞರು (ಕಾರ್ಯದರ್ಶಿ), ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರು, ನರ್ಸಿಂಗ್ ಅಧೀಕ್ಷಕಿ, ಸೋಂಕು ನಿಯಂತ್ರಣ ನರ್ಸ್, ಒಟಿ, ಐಸಿಯು ಮತ್ತು ಸಿಎಸ್‌ಎಸ್‌ಡಿ ಇನ್‌ಚಾರ್ಜ್‌ಗಳು, ಬಯೋಮೆಡಿಕಲ್ ಇಂಜಿನಿಯರ್, ಹೌಸ್‌ಕೀಪಿಂಗ್ ಮೇಲ್ವಿಚಾರಕರು
ಗೈರು: ಖರೀದಿ ಅಧಿಕಾರಿ (ರಜೆ, ಅವರ ಪಾಲಿನ ಕೆಲಸವನ್ನು ಲಿಖಿತವಾಗಿ ತಿಳಿಸುವುದು)

1. ಹಿಂದಿನ ಸಭೆಯ ಬಾಕಿ
ಪುರುಷರ ವಾರ್ಡಿನ ಬೇಸಿನ್‌ಗೆ ಮೊಣಕೈ ನಲ್ಲಿ ಇನ್ನೂ ಹಾಕಿಲ್ಲ. ಎರಡನೇ ಸಲ ಮುಂದೆ ಹೋಗಿದೆ, ಮೂರನೆಯದಕ್ಕೆ ಅವಕಾಶವಿಲ್ಲ.
ಹೊಣೆ: ಬಯೋಮೆಡಿಕಲ್ ಇಂಜಿನಿಯರ್. ಗಡುವು: 19-07-2025.

2. ಒಟಿಗೆ ಬಂದ ಒದ್ದೆ ಪ್ಯಾಕ್‌ಗಳು
ಜುಲೈ 1ರಿಂದ 14ರವರೆಗೆ 11 ಪ್ಯಾಕ್‌ಗಳನ್ನು ಒಟಿ ಹಿಂತಿರುಗಿಸಿದೆ. ಸೂಚಕ ಪಟ್ಟಿಯ ಬಣ್ಣ ಎಲ್ಲದರಲ್ಲೂ ಬದಲಾಗಿತ್ತು. ಆದರೂ ಒದ್ದೆ ಬಟ್ಟೆ ಹೊರಗಿನ ಸೂಕ್ಷ್ಮಾಣುಗಳನ್ನು ಒಳಗೆ ಎಳೆದುಕೊಳ್ಳುವುದರಿಂದ ಅಂಥ ಪ್ಯಾಕ್ ಅನ್ನು ಸ್ಟೆರೈಲ್ ಎಂದು ಪರಿಗಣಿಸುವಂತಿಲ್ಲ.

ಮಳೆಗಾಲದ ತೇವವೇ ಕಾರಣ ಎಂಬ ವಾದವನ್ನು ಸಮಿತಿ ಪೂರ್ತಿ ಒಪ್ಪಲಿಲ್ಲ. ಪರಿಶೀಲನೆಯಲ್ಲಿ ಕಂಡದ್ದು: ಬೆಳಗಿನ ಲಿಸ್ಟ್‌ನ ಅವಸರಕ್ಕೆ ಆಟೊಕ್ಲೇವ್‌ನಲ್ಲಿ ಒಣಗಿಸುವ ಅವಧಿಯನ್ನು 30 ನಿಮಿಷದಿಂದ 15ಕ್ಕೆ ಇಳಿಸಲಾಗಿದೆ. ಬೋಗುಣಿಗಳನ್ನು ಅಂಗಾತ ಇಟ್ಟಿದ್ದರಿಂದ ಅವುಗಳಲ್ಲಿ ನೀರು ನಿಂತಿದೆ. ಬಿಸಿ ಪ್ಯಾಕ್‌ಗಳನ್ನು ನೇರವಾಗಿ ತಣ್ಣನೆಯ ಸ್ಟೀಲ್ ಮೇಜಿಗೆ ಇಳಿಸಿದ್ದರಿಂದ ಅಡಿಭಾಗ ಬೆವರಿದೆ. ಉಗ್ರಾಣದ ಆರ್ದ್ರತೆ 78% ಇತ್ತು. ತೇವದ ಪಾಲು ಅಷ್ಟು.

ತೀರ್ಮಾನ:
ಅ) ಒಣಗಿಸುವ 30 ನಿಮಿಷವನ್ನು ಯಾರ ಫೋನ್ ಬಂದರೂ ಕಡಿತ ಮಾಡಬಾರದು. ಬೋಗುಣಿಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಪ್ಯಾಕ್‌ಗಳ ನಡುವೆ ಅಂಗೈ ಹೋಗುವಷ್ಟು ಜಾಗ ಬಿಡಬೇಕು. ಟ್ರಾಲಿಯ ತಂತಿ ಹಲಗೆಯ ಮೇಲೆಯೇ ತಣಿಯಲು ಬಿಟ್ಟು, ಪೂರ್ತಿ ತಣಿದ ಮೇಲಷ್ಟೇ ಮುಟ್ಟಬೇಕು. ಒದ್ದೆಯಾದದ್ದನ್ನು ಫ್ಯಾನ್ ಕೆಳಗೆ ಒಣಗಿಸಿ ಬಳಸುವಂತಿಲ್ಲ. ಬಿಚ್ಚಿ, ಒಣ ಬಟ್ಟೆಯಲ್ಲಿ ಮತ್ತೆ ಕಟ್ಟಿ, ಪೂರ್ತಿ ಸೈಕಲ್ ಮಾಡಬೇಕು. ಹೊಣೆ: ಸಿಎಸ್‌ಎಸ್‌ಡಿ ಇನ್‌ಚಾರ್ಜ್. ಗಡುವು: 17-07-2025ರಿಂದ ಜಾರಿ.
ಆ) ಆಟೊಕ್ಲೇವ್‌ನ ಸ್ಟೀಮ್ ಟ್ರ್ಯಾಪ್, ಬಾಗಿಲಿನ ಗ್ಯಾಸ್ಕೆಟ್ ಪರೀಕ್ಷೆ. ಹೊಣೆ: ಬಯೋಮೆಡಿಕಲ್ ಇಂಜಿನಿಯರ್. ಗಡುವು: 21-07-2025.
ಇ) ಉಗ್ರಾಣಕ್ಕೆ ಡಿಹ್ಯೂಮಿಡಿಫೈಯರ್; ಆರ್ದ್ರತೆ 70% ಮೀರಬಾರದು. ಹೊಣೆ: ಖರೀದಿ ಅಧಿಕಾರಿ. ಗಡುವು: 31-07-2025.
ಈ) ಹೆಚ್ಚುವರಿ ಎರಡು ಲ್ಯಾಪರೊಟಮಿ ಸೆಟ್ ಇಲ್ಲದೆ ಈ ಅವಸರ ನಿಲ್ಲದು ಎಂದು ಶಸ್ತ್ರಚಿಕಿತ್ಸಾ ಮುಖ್ಯಸ್ಥರು ಹೇಳಿದರು, ಸಮಿತಿ ಒಪ್ಪಿತು. ಬೇಡಿಕೆ ಪತ್ರದ ಹೊಣೆ: ಒಟಿ ಇನ್‌ಚಾರ್ಜ್. ಗಡುವು: 22-07-2025.

3. ಐಸಿಯು: ಕ್ಯಾಥೆಟರ್ ಸಂಬಂಧಿತ ಮೂತ್ರ ಸೋಂಕು
ಜೂನ್‌ನಲ್ಲಿ 412 ಕ್ಯಾಥೆಟರ್ ದಿನಗಳಿಗೆ 3 ಪ್ರಕರಣ (1000 ದಿನಗಳಿಗೆ 7.28), ಮೇ ತಿಂಗಳಲ್ಲಿ 380 ದಿನಗಳಿಗೆ 1. ಸಂಖ್ಯೆ ಸಣ್ಣದು, ಏರಿಕೆಯೆಂದು ಈಗಲೇ ತೀರ್ಮಾನಿಸಲಾಗದು. ಆದರೆ ಮೂವರಲ್ಲಿ ಇಬ್ಬರಿಗೆ ಕ್ಯಾಥೆಟರ್ ಮುಂದುವರಿಸಿದ್ದಕ್ಕೆ ಕೇಸ್ ಶೀಟ್‌ನಲ್ಲಿ ಕಾರಣವೇ ಇಲ್ಲ. ಪ್ರತಿ ಬೆಳಗಿನ ರೌಂಡ್‌ನಲ್ಲಿ 'ಇನ್ನೂ ಬೇಕೇ?' ಎಂದು ಕೇಳಿ ಬರೆಯುವುದು. ಯೂರಿನ್ ಬ್ಯಾಗ್ ಮೂತ್ರಕೋಶಕ್ಕಿಂತ ಕೆಳಗೆ, ನೆಲಕ್ಕೆ ತಾಗದಂತೆ ಇರುವುದು.
ಹೊಣೆ: ಐಸಿಯು ಇನ್‌ಚಾರ್ಜ್, ವಾರದ ತಪಾಸಣೆ ಸೋಂಕು ನಿಯಂತ್ರಣ ನರ್ಸ್. ಗಡುವು: 21-07-2025ರಿಂದ ಜಾರಿ.

4. ಹೈಪೋ ದ್ರಾವಣ
1% ದ್ರಾವಣಕ್ಕೆ 5% ಸ್ಟಾಕ್ 1 ಪಾಲು, ನೀರು 4 ಪಾಲು. ದಿನವೂ ಹೊಸದಾಗಿ ಕಲಸಿ, ಮುಚ್ಚಿಟ್ಟು, ಡಬ್ಬಿಯ ಮೇಲೆ ಸಮಯ ಬರೆಯುವುದು. ಕಿಟಕಿ ಬಳಿ ಇಟ್ಟ ಸ್ಟಾಕ್ ಕ್ಯಾನ್‌ಗಳನ್ನು ತೆಗೆಯುವುದು, ಬಿಸಿಲಿಗೆ ಕ್ಲೋರಿನ್ ಇಳಿಯುತ್ತದೆ.
ಹೊಣೆ: ಹೌಸ್‌ಕೀಪಿಂಗ್ ಮೇಲ್ವಿಚಾರಕರು. ಗಡುವು: 18-07-2025.

ಮುಂದಿನ ಸಭೆ: 20-08-2025, ಮಧ್ಯಾಹ್ನ 3.00. ಗಡುವು ಮೀರಿದ ಕೆಲಸಗಳ ಪಟ್ಟಿಯನ್ನು ಕಾರ್ಯದರ್ಶಿ 13-08-2025ರೊಳಗೆ ಅಧ್ಯಕ್ಷರಿಗೆ ಕೊಡುವುದು.

ಸಹಿ: ಕಾರ್ಯದರ್ಶಿ / ಅಧ್ಯಕ್ಷರು